ಪಾಠ ವೀಕ್ಷಣೆ ರಿಪೋರ್ಟಲ್ಲಿ ಕೊರತೆ ಬರೆಯೋದು ಹೇಗೆ?

ಉಡುಪಿಯಲ್ಲಿ ಬಿ.ಎಡ್ ಟ್ರೈನಿಯ ಪಾಠ ನೋಡಿ ರಿಪೋರ್ಟ್ ಕೊಡ್ಬೇಕು, ಕೊರತೆ ಹೇಗೆ ಬರೀಲಿ ಸರ್?

ಕಣ್ಣಿಗೆ ಕಂಡದ್ದನ್ನು ಎಣಿಸಿ ಬರೀರಿ. "ಮಕ್ಕಳ ಭಾಗವಹಿಸುವಿಕೆ ಕಡಿಮೆ" ಅಂತ ಬರೆದ್ರೆ ಟ್ರೈನಿಗೆ ಏನು ಸರಿ ಮಾಡ್ಬೇಕು ಅಂತ ಗೊತ್ತಾಗುದಿಲ್ಲ. ನಾನು ಒಂದು ಭಿನ್ನರಾಶಿ ಪಾಠಕ್ಕೆ ಹಿಂದೆ ಕೂತು, ಬೆಂಚುಗಳ ಚಿತ್ರ ಬಿಡಿಸಿ, ಉತ್ತರ ಕೊಟ್ಟ ಮಗುವಿನ ಜಾಗದಲ್ಲಿ ಗೆರೆ ಹಾಕ್ತಾ ಹೋದೆ, 14 ಪ್ರಶ್ನೆಯಲ್ಲಿ 11 ಎದುರಿನ ಬೆಂಚಿಗೇ ಹೋಗಿತ್ತು, ಉಳಿದವರು ಯೋಚಿಸುವ ಮೊದಲೇ ಉತ್ತರ ಬಂದಾಗ್ತಿತ್ತು. ಒಳ್ಳೇದನ್ನೂ ಹಾಗೇ ಬರೆದೆ, ನೀರ್‌ದೋಸೆ ಮಡಚಿ ಕಾಲುಭಾಗ ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ನೋಡಿದ್ರು ಅಂತ. ಗುರಿ ಒಂದೇ ಕೊಟ್ಟೆ: ಪ್ರಶ್ನೆ ಕೇಳಿ 3 ಸೆಕೆಂಡ್ ಕಾಯುವುದು, ಆಮೇಲೆ ಹೆಸರು ಕರೆಯುವುದು. ಮೊದಲೇ ಹೆಸರು ಕರೆದ್ರೆ ಬೇರೆಯವರು ಯೋಚಿಸುದೇ ಇಲ್ಲ. ಎರಡು ವಾರ ಬಿಟ್ಟು ಅದೇ ಚಿತ್ರ ಪುನಃ ಹಾಕಿದ್ರೆ ಬದಲಾಗಿದ್ಯಾ ಅಂತ ಗೊತ್ತಾಗ್ತದೆ.