ದಿನದ ದುಡಿಮೆಯಲ್ಲಿ ಬೈಕಿನ ಪಾಲು

"ಹಾಸನದಲ್ಲಿ ಫುಡ್ ಡೆಲಿವರಿ ಮಾಡ್ತೀನಿ. ದಿನಕ್ಕೆ 800–900 ಬರುತ್ತೆ, ಆದ್ರೂ ಬೈಕ್ ರಿಪೇರಿ ಬಂದಾಗ ಕೈಸಾಲವೇ ಗತಿ. ದುಡ್ಡು ಹೇಗೆ ಎತ್ತಿಡಬೇಕು?"

ನಾನೂ ಇದೇ ಊರಲ್ಲಿ ಇದೇ ಕೆಲಸ ಮಾಡ್ತಿರೋನು. ಮೊದಲು ದಿನಕ್ಕೆ 50 ರೂಪಾಯಿ ಅಂತ ಎತ್ತಿಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಕ್ಲಚ್ ಪ್ಲೇಟ್, ಚೈನ್ ಸೆಟ್ ಎರಡೂ ಒಟ್ಟಿಗೇ ಹೋದವು. ಡಬ್ಬಿಯಲ್ಲಿದ್ದ ದುಡ್ಡು ಅರ್ಧಕ್ಕೂ ಸಾಲಲಿಲ್ಲ.

ಬೈಕು ಸವೆಯುವುದು ದಿನದ ಲೆಕ್ಕದಲ್ಲಲ್ಲ, ಕಿಲೋಮೀಟರ್ ಲೆಕ್ಕದಲ್ಲಿ. ಸಾಲಗಾಮೆ ರಸ್ತೆಯ ಕೊನೆಗೆ ಊಟ ಕೊಟ್ಟು ಖಾಲಿ ವಾಪಸ್ ಬಂದರೂ ಟೈರ್ ಸವೆಯುತ್ತದೆ ಅಲ್ವಾ? ಹಾಗಾಗಿ ರಾತ್ರಿ ಮನೆಗೆ ಬಂದ ತಕ್ಷಣ ಮೀಟರ್ ನೋಡಿ, ಓಡಿದ ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಎತ್ತಿಡುತ್ತೇನೆ. ಈ ಒಂದು ರೂಪಾಯಿ ಸುಮ್ನೆ ಹೇಳಿದ್ದಲ್ಲ. ಆಯಿಲ್ ಬದಲಿಸಲು 450 ರೂಪಾಯಿ, 3,000 ಕಿಲೋಮೀಟರಿಗೊಮ್ಮೆ ಅಂದರೆ 15 ಪೈಸೆ. ಚೈನ್ ಸೆಟ್ 1,600, ಅದು 20,000 ಓಡಿದರೆ 8 ಪೈಸೆ. ಹೀಗೇ ಟೈರ್, ಬ್ರೇಕ್ ಶೂ, ಕ್ಲಚ್, ಮೆಕ್ಯಾನಿಕ್ ಕೂಲಿ, ಇನ್ಶೂರೆನ್ಸ್ ಎಲ್ಲ ಸೇರಿಸಿದಾಗ ನನ್ನ ಬೈಕಿಗೆ 75 ಪೈಸೆ ಹತ್ತಿರ ಬಂತು. ಹಳೇ ಗಾಡಿ, ಹಾಗಾಗಿ ಒಂದು ರೂಪಾಯಿ ಮಾಡಿಕೊಂಡೆ.

850 ರೂಪಾಯಿ ಬಂದು 100 ಕಿಲೋಮೀಟರ್ ಓಡಿದ ದಿನ ಹಿಡಿಯಿರಿ. ಪೆಟ್ರೋಲ್ 103 ರೂಪಾಯಿ, ಮೈಲೇಜ್ 45 ಆದರೆ ಸುಮಾರು 230 ಹೋಯಿತು. ರಿಪೇರಿಗೆ 100. ಬೈಕ್ ಸಾಲದ ಕಂತು ತಿಂಗಳಿಗೆ 2,880 ಇದ್ದರೆ ಅದನ್ನು 30ರಿಂದ ಭಾಗಿಸಬೇಡಿ. ರಜೆ, ಜ್ವರ, ಮಳೆ ಕಳೆದು ದುಡಿಯುವುದು 24 ದಿನವೇ, ಹಾಗಾಗಿ ದಿನಕ್ಕೆ 120. ಉಳಿದ 400 ಮಾತ್ರ ನಿಮ್ಮ ದುಡಿಮೆ. ಊಟ, ಟೀ, ಮನೆ ಖರ್ಚು ಎಲ್ಲ ಇದರಲ್ಲೇ. 500 ಬಂದ ದಿನವೂ ರಿಪೇರಿ ದುಡ್ಡು ಮೊದಲು ಎತ್ತಿಡಿ. ಕಂತಿನ ಪಾಲು ಬೇಕಾದರೆ ಭಾನುವಾರದ ದುಡಿಮೆಯಲ್ಲಿ ಸರಿಮಾಡಿಕೊಳ್ಳಬಹುದು.

ಈ ದುಡ್ಡನ್ನು ಪಿಗ್ಮಿಗೆ ಕಟ್ಟಬೇಡಿ. ಅವಧಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಒಂದಿಷ್ಟು ದುಡ್ಡು ಹಿಡಿದುಕೊಂಡು ಕೊಡುತ್ತಾರೆ, ಕ್ಲಚ್ ಅಷ್ಟು ದಿನ ಕಾಯಲ್ಲ. ಯುಪಿಐಗೆ ಜೋಡಿಸದ ಬೇರೆ ಉಳಿತಾಯ ಖಾತೆ ಸಾಕು. ಜೋಡಿಸಿದರೆ ಟೀ ಅಂಗಡಿಯಲ್ಲೇ ಕರಗುತ್ತದೆ, ನನ್ನದು ಕರಗಿದೆ.

ಇನ್ನೊಂದು, ವಾರಕ್ಕೊಮ್ಮೆ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಹಿಂದಿನ ಫುಲ್ ಟ್ಯಾಂಕಿನಿಂದ ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರಿನಿಂದ ಭಾಗಿಸಿ. 45 ಇದ್ದದ್ದು 38ಕ್ಕೆ ಇಳಿದರೆ ದಿನಕ್ಕೆ 40 ರೂಪಾಯಿ ಜಾಸ್ತಿ ಸುಡುತ್ತಿದೆ ಅಂತ. ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿ. ಚಕ್ರವನ್ನು ಮೇಲೆತ್ತಿ ಕೈಯಲ್ಲಿ ತಿರುಗಿಸಿ, ಬಿಗಿಯಾಗಿದ್ದರೆ ಬ್ರೇಕ್ ಹಿಡಿಯುತ್ತಿದೆ. ರೇಸ್ ಕೊಟ್ಟರೂ ಗಾಡಿ ಎಳೆಯದೆ ಎಂಜಿನ್ ಮಾತ್ರ ಕೂಗಿದರೆ ಅದು ಕ್ಲಚ್, ಅವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ.