ಮಳೆಗಾಲಕ್ಕೆ ಪೌಡರ್ರೋ ಲಿಕ್ವಿಡ್ಡೋ?

"ಹೊಸ ಫ್ರಂಟ್ ಲೋಡ್ ಮಷಿನ್, ಚಿಕ್ಕಮಗಳೂರಿನ ಮಳೆಗಾಲ. ಪೌಡರ್, ಲಿಕ್ವಿಡ್, ಪಾಡ್, ಯಾವುದು ಹಾಕಲಿ?"

ನಮ್ಮದೂ ಚಿಕ್ಕಮಗಳೂರೇ. ತೋಟದ ಕೆಸರು ಮೆತ್ತಿದ ಪ್ಯಾಂಟಿಗೆ ಪೌಡರ್ರೇ ಸರಿ, ಖರ್ಚೂ ಕಡಿಮೆ. ಆದರೆ ಫ್ರಂಟ್ ಲೋಡ್ ಅಂತ ಬರೆದಿರುವುದನ್ನೇ ತಗೊಳ್ಳಿ, ಬಕೆಟ್ಟಿಗೆ ಹಾಕುವ ಪೌಡರಿನಲ್ಲಿ ನೊರೆ ಜಾಸ್ತಿ, ಅದರಲ್ಲಿ ಬಟ್ಟೆ ಸರಿಯಾಗಿ ಬಿದ್ದು ಉಜ್ಜಿಕೊಳ್ಳುವುದೇ ಇಲ್ಲ. ಇನ್ನೊಂದು, ಮಳೆಗಾಲದ ತಣ್ಣೀರಿನಲ್ಲಿ ಪೌಡರ್ ಪೂರ್ತಿ ಕರಗುವುದಿಲ್ಲ. ಕಳೆದ ಜುಲೈನಲ್ಲಿ ನನ್ನ ಕಪ್ಪು ಚೂಡಿದಾರದ ಮಡಿಕೆಯಲ್ಲಿ ಬಿಳಿ ಗೆರೆ ಉಳಿದಿತ್ತು, ಬಾಗಿಲಿನ ರಬ್ಬರ್ ಒಳಗೆ ಬೆರಳಾಡಿಸಿದರೆ ಅಂಟಂಟು. 40 ಡಿಗ್ರಿಗೆ ಇಟ್ಟ ಮೇಲೆ ಸರಿಹೋಯಿತು. ತಣ್ಣೀರಲ್ಲೇ ಒಗೆಯುವುದಾದರೆ ಲಿಕ್ವಿಡ್ ಹಾಕಿ, ಎಣ್ಣೆ ಜಿಡ್ಡಿಗೂ ಅದೇ ವಾಸಿ. ಪಾಡ್ ದುಬಾರಿ, ನಾಲ್ಕೇ ಬಟ್ಟೆ ಇದ್ದರೂ ಒಂದು ಪೂರ್ತಿ ಹಾಕಬೇಕು, ಸುಮ್ನೆ ದಂಡ ಅಲ್ವಾ? ಹಾಕಿದರೂ ಟ್ರೇಗಲ್ಲ, ಮೊದಲು ಖಾಲಿ ಡ್ರಮ್ಮಿಗೆ ಹಾಕಿ, ಅದರ ಮೇಲೆ ಬಟ್ಟೆ ತುಂಬಿ.