ಚುಕ್ಕಿ ನಕ್ಷೆಯಲ್ಲಿ ಒಂದು ಚುಕ್ಕಿ ಎಂದರೆ ಎಷ್ಟು ಜನ?

ಪ್ರಶ್ನೆ: ಜನಸಂಖ್ಯೆಯ ಚುಕ್ಕಿ ನಕ್ಷೆ ಮಾಡ್ತಿದ್ದೀನಿ. ಒಂದು ಚುಕ್ಕಿಗೆ ಎಷ್ಟು ಜನ ಇಡಬೇಕು? ಚುಕ್ಕಿ ಎಷ್ಟು ದೊಡ್ಡದಿರಬೇಕು?

ಉತ್ತರ: ನಕ್ಷೆಯ ಅಂತಿಮ ಅಳತೆಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಅತಿ ದಟ್ಟ ವಿಭಾಗದಿಂದ ಲೆಕ್ಕ ಶುರುಮಾಡಿ. ಅಲ್ಲಿ ಚುಕ್ಕಿಗಳು ಒಂದಕ್ಕೊಂದು ತಾಗಲು ತೊಡಗಬೇಕು, ಆದರೆ ಕಪ್ಪು ಮುದ್ದೆಯಾಗಬಾರದು.

ಆ ವಿಭಾಗದಲ್ಲಿ 2,40,000 ಜನರಿದ್ದು, ಕಾಗದದ ಮೇಲೆ ಅದು 150 ಚದರ ಮಿ.ಮೀ. ಜಾಗ ಹಿಡಿಯುತ್ತದೆ ಎನ್ನೋಣ. 0.5 ಮಿ.ಮೀ. ವ್ಯಾಸದ ಚುಕ್ಕಿಗೆ ಸುಮಾರು 0.2 ಚದರ ಮಿ.ಮೀ. ಬೇಕು. ಚುಕ್ಕಿಗೆ 500 ಜನ ಎಂದರೆ 480 ಚುಕ್ಕಿ, ಒಟ್ಟು 96 ಚದರ ಮಿ.ಮೀ. ಯಾದೃಚ್ಛಿಕವಾಗಿ ಬೀಳುವಾಗ ಕೆಲವು ಒಂದರ ಮೇಲೊಂದು ಕೂರುವುದರಿಂದ ಸುಮಾರು ಅರ್ಧ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ಇದು ಸರಿಯಾದ ದಟ್ಟಣೆ. ಈಗ ಅತಿ ವಿರಳ ವಿಭಾಗ ನೋಡಿ: 1,500 ಜನರಿದ್ದರೆ ಮೂರು ಚುಕ್ಕಿ ಸಿಗುತ್ತವೆ, ಸಾಕು. ಚುಕ್ಕಿಗೆ 5,000 ಇಟ್ಟಿದ್ದರೆ ಆ ಊರುಗಳೇ ನಕ್ಷೆಯಿಂದ ಮಾಯವಾಗುತ್ತಿದ್ದವು.

ಚುಕ್ಕಿಗಳು ಕೆರೆಯೊಳಗೋ ನಿರ್ಜನ ಕಾಡಿನಲ್ಲೋ ಬಿದ್ದರೆ ನಕ್ಷೆ ಸುಳ್ಳು ಹೇಳುತ್ತದೆ. ಅಂಥ ಜಾಗಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ. ದುಂಡು ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಪ್ರಕ್ಷೇಪವೂ ವಿಸ್ತೀರ್ಣಗಳ ಅನುಪಾತ ಉಳಿಸುವ ಸಮಕ್ಷೇತ್ರದ್ದೇ ಆಗಿರಲಿ, ಇಲ್ಲವಾದರೆ ದಟ್ಟಣೆ ಹೋಲಿಸಲಾಗದು.

ಒಂದೇ ಮಹಾನಗರ ಲೆಕ್ಕವನ್ನೆಲ್ಲ ಕೆಡಿಸುತ್ತಿದ್ದರೆ ಚುಕ್ಕಿಯ ಬೆಲೆ ಏರಿಸಬೇಡಿ. ದೊಡ್ಡ ನಗರಗಳನ್ನು ವೃತ್ತವಾಗಿ ತೋರಿಸಿ, ಅವುಗಳ ಜನಸಂಖ್ಯೆಯನ್ನು ಚುಕ್ಕಿಗಳ ಲೆಕ್ಕದಿಂದ ಕಳೆಯಿರಿ. ವೃತ್ತದ ತ್ರಿಜ್ಯ ಜನಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿರಬೇಕು: 5 ಲಕ್ಷಕ್ಕೆ 3 ಮಿ.ಮೀ. ಆದರೆ 50 ಲಕ್ಷಕ್ಕೆ 9.5 ಮಿ.ಮೀ. ತ್ರಿಜ್ಯವನ್ನೇ ಹತ್ತು ಪಟ್ಟು ಮಾಡಿದರೆ ವೃತ್ತದ ವಿಸ್ತೀರ್ಣ ನೂರು ಪಟ್ಟಾಗುತ್ತದೆ.